ಎಚ್1ಎನ್1 ಹಳೆಯ ವೈರಸ್ಸೇ ಆಗಿದ್ದರೆ 2009ರಲ್ಲಿ ಹರೆಯದವರೇ ಏಕೆ ಹಾಸಿಗೆ ಹಿಡಿದರು?

ಪಿ.ಜೆ. ಬಡಾವಣೆ ಓದುಗ

ಹಳೆಯ ಅನುಮಾನವೊಂದನ್ನು ಇಲ್ಲಿ ಇಡುತ್ತಿದ್ದೇನೆ. 2009ರಲ್ಲಿ ನಾನು ದಾವಣಗೆರೆಯಲ್ಲಿ ಪದವಿ ಓದುತ್ತಿದ್ದೆ. ಹಂದಿ ಜ್ವರದ ಸುದ್ದಿ ಜೋರಾಗಿದ್ದಾಗಲೇ ಮನೆಯಲ್ಲಿ ನಾನು, ತಂಗಿ, ಚಿಕ್ಕಪ್ಪನ ಮಗ ಮೂವರೂ ಒಬ್ಬರ ಹಿಂದೊಬ್ಬರು ಮಲಗಿದೆವು. ನಮ್ಮ ಕೋಣೆಯಲ್ಲೇ ಮಲಗುತ್ತಿದ್ದ ಅಜ್ಜನಿಗೆ ಮಾತ್ರ ಒಂದು ಸೀನೂ ಬರಲಿಲ್ಲ. ಅವರು ಹುಟ್ಟಿದ್ದು 1927ರಲ್ಲಿ.

ನನ್ನ ಪ್ರಶ್ನೆ ಅಜ್ಜನದಲ್ಲ, ವೈರಸ್ಸಿನದು. ಡ್ರಿಫ್ಟ್ ಎಂದರೆ ವೈರಸ್ಸಿನ ಹೊರಮೈ ವರ್ಷ ವರ್ಷ ಸ್ವಲ್ಪ ಸ್ವಲ್ಪ ಬದಲಾಗುವುದು, ಶಿಫ್ಟ್ ಎಂದರೆ ಆ ಹೊರಮೈಯ ಎಚ್ ಪ್ರೋಟೀನಿನ ಸಂಖ್ಯೆಯೇ ಬದಲಾಗಿ ಹೊಸ ವೈರಸ್ ಬರುವುದು ಎಂದು ಎಲ್ಲ ಕಡೆ ಬರೆದಿರುತ್ತಾರೆ. 1957ರಲ್ಲಿ ಎಚ್1 ಹೋಗಿ ಎಚ್2 ಬಂತು, 1968ರಲ್ಲಿ ಎಚ್2 ಹೋಗಿ ಎಚ್3 ಬಂತು. ಇದು ಅರ್ಥವಾಗುತ್ತದೆ. ಆದರೆ 2009ರಲ್ಲಿ ಬಂದದ್ದು ಎಚ್1ಎನ್1. ಅದಕ್ಕೂ ಹಿಂದೆ, 1977ರಿಂದಲೇ, ಎಚ್1ಎನ್1 ಮನುಷ್ಯರಲ್ಲಿ ಓಡಾಡುತ್ತಿತ್ತು. ಹೆಸರೇ ಬದಲಾಗದ ವೈರಸ್ ಜಗತ್ತಿಗೆಲ್ಲ ಹಬ್ಬಿದ್ದು ಹೇಗೆ? ಅದನ್ನು ಶಿಫ್ಟ್ ಎನ್ನಬೇಕೋ ಡ್ರಿಫ್ಟ್ ಎನ್ನಬೇಕೋ?

ಜಗಳೂರು ಮೆಕ್ಕೆಜೋಳ

ಅಜ್ಜ ತಿಂದದ್ದು ರಾಗಿ ಮುದ್ದೆ, ನೀವು ತಿಂದದ್ದು ಬೇಕರಿ ಪಫ್. ಇದಕ್ಕೆ ವೈರಸ್ ಶಾಸ್ತ್ರ ಏಕೆ ಬೇಕು ಹೇಳಿ. ಹಳೆಯ ಕಾಲದವರ ದೇಹದ ಗಟ್ಟಿತನವೇ ಬೇರೆ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು, ಆದ್ದರಿಂದ ಸುಮ್ಮನಿರಲಾಗುತ್ತಿಲ್ಲ. ಪ್ರಶ್ನೆ ಚೆನ್ನಾಗಿದೆ, ಉತ್ತರ ಸರಳವಾಗಿದೆ. ಫ್ಲೂ ಎ ವೈರಸ್ಸಿನ ಆರ್‌ಎನ್‌ಎ ಒಂದೇ ದಾರವಲ್ಲ, ಎಂಟು ಬಿಡಿ ತುಂಡುಗಳು. ಹಕ್ಕಿಯ ಫ್ಲೂ ಮತ್ತು ಮನುಷ್ಯನ ಫ್ಲೂ ಎರಡೂ ಒಂದೇ ಹಂದಿಯ ಒಂದೇ ಜೀವಕೋಶಕ್ಕೆ ಹೊಕ್ಕರೆ ಹೊರಬರುವ ಮರಿಗಳಲ್ಲಿ ತುಂಡುಗಳು ಅದಲುಬದಲಾಗುತ್ತವೆ. ಎರಡು ವೈರಸ್, ಎಂಟು ತುಂಡು, ಒಟ್ಟು 256 ಜೋಡಣೆ ಸಾಧ್ಯ. ಶಿಫ್ಟ್ ಆಗುವುದು ಹಂದಿಯಲ್ಲಿಯೇ, ಹಂದಿಯಿಲ್ಲದೆ ಮಹಾಮಾರಿಯಿಲ್ಲ. 2009ರದು ಹಂದಿಯಿಂದ ಬಂದದ್ದು, ಆದ್ದರಿಂದ ಅದು ಶಿಫ್ಟ್. ಮುಗಿಯಿತು.

ಪಿ.ಜೆ. ಬಡಾವಣೆ ಓದುಗ

ಮೇಷ್ಟ್ರೇ, ಮುಗಿಯಲಿಲ್ಲ. ಹಂದಿಯಲ್ಲಿ ಕಲಸಿದರೂ ಹೊರಬಂದದ್ದು ಎಚ್1 ತಾನೇ? ನನಗೂ ತಂಗಿಗೂ ಅದಕ್ಕಿಂತ ಮೊದಲೇ ಎಚ್1 ಫ್ಲೂ ಬಂದಿರಲೇಬೇಕು. ನಮ್ಮ ದೇಹ ಅದನ್ನು ಗುರುತಿಸಬೇಕಿತ್ತು.

ಸೀರಂ ಮೇಜು, ದಾವಣಗೆರೆ

ನಾನು ಇಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ. ಮೊದಲು ಕೆಲವು ವರ್ಷ ಫ್ಲೂ ಮಾದರಿಗಳ ಮೇಜಿನಲ್ಲೇ ಕೆಲಸ ಮಾಡಿದ್ದೆ. ಓದುಗರು ಹಿಡಿದಿರುವುದು ಸರಿಯಾದ ಎಳೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಿಮ್ಮ ಅಜ್ಜನ ಬಗ್ಗೆ ಖಚಿತವಾಗಿ ಏನೂ ಹೇಳಲಾಗದು, ಅವರ ರಕ್ತವನ್ನು ಯಾರೂ ಪರೀಕ್ಷಿಸಿಲ್ಲ. ಆದರೆ ಅವರಂಥವರು ಪಾರಾದದ್ದು ನಿಮ್ಮ ಮನೆಯಲ್ಲಿ ಮಾತ್ರವಲ್ಲ. 2009ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯವರು ಫ್ರೀಜರ್‌ನಲ್ಲಿದ್ದ ಹಳೆಯ ರಕ್ತಸಾರದ ಮಾದರಿಗಳನ್ನು ತೆಗೆದು ಹೊಸ ವೈರಸ್ಸಿನ ಎದುರು ನಿಲ್ಲಿಸಿ ನೋಡಿದರು. ಆ ಮಾದರಿಗಳನ್ನು ಕೊಟ್ಟವರು ಹೊಸ ವೈರಸ್ಸನ್ನು ಕಂಡವರೇ ಅಲ್ಲ. ಆದರೂ 1950ಕ್ಕಿಂತ ಮೊದಲು ಹುಟ್ಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರ ರಕ್ತಸಾರ ಅದನ್ನು ಚೆನ್ನಾಗಿಯೇ ತಡೆಯಿತು. 1980ರ ನಂತರ ಹುಟ್ಟಿದವರಲ್ಲಿ ಅಂಥವರು ನೂರಕ್ಕೆ ನಾಲ್ವರಷ್ಟೇ. ಮುದ್ದೆ ತಿಂದವರು ಯಾರು, ಪಫ್ ತಿಂದವರು ಯಾರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಜಗಳೂರಿನವರು ಕ್ಷಮಿಸಬೇಕು, ಪ್ರತಿವರ್ಷದ ಸಾಮಾನ್ಯ ಫ್ಲೂನಲ್ಲಿ ಹೆಚ್ಚು ಸಾಯುವವರು ಅದೇ ಗಟ್ಟಿ ದೇಹದ ಹಿರಿಯರು. 2009ರ ವೈರಸ್ಸಿನ ಮುಂದೆ ಮಾತ್ರ ಲೆಕ್ಕ ತಲೆಕೆಳಗಾಯಿತು.

ಕಾರಣ ಇದು. 1918ರ ಮಹಾಮಾರಿಯ ಎಚ್1ಎನ್1 ಸರಿಸುಮಾರು ಒಂದೇ ಕಾಲಕ್ಕೆ ಎರಡು ಕಡೆ ನೆಲೆಯೂರಿತು, ಮನುಷ್ಯರಲ್ಲಿ ಮತ್ತು ಹಂದಿಗಳಲ್ಲಿ. ಆ ಶರತ್ಕಾಲದಲ್ಲಿ ಅಮೆರಿಕದ ಅಯೋವಾದಲ್ಲಿ ಹಂದಿಗಳು ಅದೇ ಬಗೆಯ ರೋಗದಿಂದ ಮಲಗಿದ್ದವು. ಮುಂದೆ ವಿಜ್ಞಾನಿ ರಿಚರ್ಡ್ ಶೋಪ್ ಹಂದಿಯಿಂದ ವೈರಸ್ಸನ್ನು ಬೇರ್ಪಡಿಸಿದರು. ಮನುಷ್ಯನ ಫ್ಲೂ ವೈರಸ್ ಲಂಡನ್ನಿನಲ್ಲಿ ಕೈಗೆ ಸಿಕ್ಕಿದ್ದು ಅದಾದ ಮೇಲೆ, 1933ರಲ್ಲಿ. ಅಲ್ಲಿಂದ ಎರಡು ವಂಶಗಳ ದಾರಿ ಬೇರೆಯಾಯಿತು.

ಮನುಷ್ಯರಲ್ಲಿದ್ದ ವಂಶಕ್ಕೆ ಬದುಕು ಕಷ್ಟ. ನಾವು ಅರವತ್ತು, ಎಪ್ಪತ್ತು ವರ್ಷ ಬದುಕುತ್ತೇವೆ, ಒಮ್ಮೆ ಕಂಡ ವೈರಸ್ಸಿನ ನೆನಪನ್ನು ದೇಹದಲ್ಲಿ ಇಟ್ಟುಕೊಳ್ಳುತ್ತೇವೆ. ಹಾಗಾಗಿ ಹೊರಮೈ ಬದಲಿಸಿಕೊಂಡ ಮರಿಗೇ ಉಳಿವು. ಫ್ಲೂ ತನ್ನ ಆರ್‌ಎನ್‌ಎಯನ್ನು ನಕಲು ಮಾಡುವಾಗ ತಪ್ಪು ತಿದ್ದಿಕೊಳ್ಳುವುದಿಲ್ಲ, ಆದ್ದರಿಂದ ಬದಲಾವಣೆಗೆ ಬರವೂ ಇಲ್ಲ. ಹಂದಿಯಲ್ಲಿದ್ದ ವಂಶಕ್ಕೆ ಈ ಒತ್ತಡ ಇರಲಿಲ್ಲ. ಸಾಕಿದ ಹಂದಿಯ ಆಯುಷ್ಯ ಸುಮಾರು ಆರು ತಿಂಗಳು. ಹಳೆಯ ಹಂದಿ ಕಸಾಯಿಖಾನೆಗೆ ಹೋಗುತ್ತದೆ, ಏನನ್ನೂ ಕಾಣದ ಹೊಸ ಮರಿ ಕೊಟ್ಟಿಗೆಗೆ ಬರುತ್ತದೆ. ವೇಷ ಬದಲಿಸುವ ಅಗತ್ಯವೇ ವೈರಸ್ಸಿಗೆ ಬೀಳಲಿಲ್ಲ. ದಶಕಗಳು ಕಳೆದರೂ ಹಂದಿಯ ಎಚ್1 ಹೆಚ್ಚು ಕಡಿಮೆ 1918ರ ಮುಖವನ್ನೇ ಉಳಿಸಿಕೊಂಡಿತ್ತು.

2009ರಲ್ಲಿ ಆ ಹಳೆಯ ಮುಖ ಮನುಷ್ಯರ ನಡುವೆ ಮರಳಿ ಬಂತು. ಬಾಲ್ಯದಲ್ಲಿ ಅದಕ್ಕೆ ಹತ್ತಿರದ ಎಚ್1 ಕಂಡಿದ್ದವರಿಗೆ ಅದು ಪರಿಚಿತ. ನಮಗೆ ಅಪರಿಚಿತ. ಮನುಷ್ಯರಲ್ಲಿ ಆಗ ಓಡಾಡುತ್ತಿದ್ದ ಎಚ್1ಕ್ಕೂ ಇದಕ್ಕೂ ಎಚ್ ಪ್ರೋಟೀನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಐದರಲ್ಲಿ ಒಂದು ಬೇರೆ. ಒಂದು ವರ್ಷದ ಡ್ರಿಫ್ಟ್‌ನಲ್ಲಿ ಬದಲಾಗುವುದು ಬೆರಳೆಣಿಕೆಯಷ್ಟು.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಮೇಡಂ, ಹಂದಿ ಎಂದು ನಾನೂ ಹೇಳಿದ್ದೆ. ನನ್ನ ಮಾತು ತಪ್ಪೇನಲ್ಲವಲ್ಲ?

ಸೀರಂ ಮೇಜು, ದಾವಣಗೆರೆ

2009ಕ್ಕೆ ತಪ್ಪಿಲ್ಲ ಮೇಷ್ಟ್ರೇ. ಮೆಕ್ಸಿಕೋದ ಹಂದಿಗಳಲ್ಲೇ ಅದು ರೂಪುಗೊಂಡಿತೆಂಬುದಕ್ಕೆ ಜೀನ್ ಪುರಾವೆ ಇದೆ. "ಹಂದಿಯಿಲ್ಲದೆ ಮಹಾಮಾರಿಯಿಲ್ಲ" ಎಂಬುದಕ್ಕೆ ನನ್ನ ತಕರಾರು. 1957ರ ವೈರಸ್ ಹಕ್ಕಿಯಿಂದ ಮೂರು ತುಂಡು ಪಡೆದಿತ್ತು, 1968ರದು ಎರಡು. ಆ ಅದಲುಬದಲು ಹಂದಿಯಲ್ಲೇ ನಡೆಯಿತೆಂದು ಯಾರೂ ತೋರಿಸಿಲ್ಲ. ಹಕ್ಕಿಯ ವೈರಸ್ ಜೀವಕೋಶವನ್ನು ಹೊಕ್ಕಲು ಹಿಡಿದುಕೊಳ್ಳುವ ಬಗೆಯ ಸಕ್ಕರೆಯ ತುದಿ ಮನುಷ್ಯನ ಶ್ವಾಸಕೋಶದ ಆಳದಲ್ಲೂ ಇದೆ. ಒಬ್ಬ ಮನುಷ್ಯನ ಎದೆಯಲ್ಲೇ ಎರಡೂ ಸಂಧಿಸಿರಬಹುದು.

ಚಳ್ಳಕೆರೆ ಪಶುವೈದ್ಯ

ಹಂದಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಇತ್ತೀಚೆಗೆ ಊರಿನ ಹಂದಿಗಳು ಸತ್ತ ಸುದ್ದಿ ಬಂದಾಗಲೆಲ್ಲ ಜನ ಎಚ್1ಎನ್1 ಎಂದು ಗಾಬರಿಯಾಗುತ್ತಾರೆ. ಹಂದಿಗಳನ್ನು ರಾಶಿ ರಾಶಿಯಾಗಿ ಕೊಲ್ಲುವುದು ಸಾಮಾನ್ಯವಾಗಿ ಆಫ್ರಿಕನ್ ಹಂದಿ ಜ್ವರ ಅಥವಾ ಕ್ಲಾಸಿಕಲ್ ಸ್ವೈನ್ ಫೀವರ್ ಎಂಬ ಹಳೆಯ ಹಂದಿ ಜ್ವರ. ಅವೆರಡೂ ಬೇರೆಯೇ ವೈರಸ್‌ಗಳು, ಮನುಷ್ಯರಿಗೆ ಹತ್ತುವುದಿಲ್ಲ. ಫ್ಲೂ ಹತ್ತಿದ ಹಂದಿ ಕೆಮ್ಮುತ್ತದೆ, ಮೇವು ಬಿಡುತ್ತದೆ, ವಾರದಲ್ಲಿ ಎದ್ದು ನಿಲ್ಲುತ್ತದೆ. ಅದಕ್ಕೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 2009ಕ್ಕೆ ಮುನ್ನ ಆ ವೈರಸ್ ಮೆಕ್ಸಿಕೋದ ಹಂದಿಗಳಲ್ಲಿ ವರ್ಷಗಟ್ಟಲೆ ಇದ್ದರೂ ಯಾರಿಗೂ ಸುಳಿವು ಸಿಗದಿರಲು ಇದೇ ಕಾರಣ.

ಜಗಳೂರು ಮೆಕ್ಕೆಜೋಳ

ಮುದ್ದೆ ಸೋತಿತು, ಒಪ್ಪಿದೆ. ಆದರೆ ಈ ಎಂಟು ತುಂಡಿನ ವಿಷಯ ನಮಗೆ ಹೊಸದಲ್ಲ. ನಾವು ಬಿತ್ತುವ ಹೈಬ್ರಿಡ್ ಮೆಕ್ಕೆಜೋಳದಂತೆಯೇ ತಾನೇ? ಎರಡು ತಳಿ ಸೇರಿಸಿದರೆ ಎರಡರ ಗುಣವೂ ಬಂದ ಮೂರನೆಯದು.

ಸೀರಂ ಮೇಜು, ದಾವಣಗೆರೆ

ಅರ್ಧ ಸರಿ. ಜೋಳದಲ್ಲಿ ಪ್ರತಿ ಜೀನೂ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡೆರಡಾಗಿ ಬರುತ್ತದೆ. ವೈರಸ್ಸಿನಲ್ಲಿ ಪ್ರತಿ ತುಂಡೂ ಒಂದೇ. ಒಂದೋ ಇದರದು, ಇಲ್ಲವೇ ಅದರದು. ಮೇಷ್ಟ್ರು ಹೇಳಿದ 256ರಲ್ಲಿ ಎಷ್ಟೋ ನಡೆಯಲಾರದೆ ಸಾಯುತ್ತವೆ, ಏಕೆಂದರೆ ನಕಲು ಮಾಡುವ ಮೂರು ಪ್ರೋಟೀನುಗಳು ಪರಸ್ಪರ ಹೊಂದಿಕೊಳ್ಳಬೇಕು.

2009ರ ವೈರಸ್ಸಿನ ತುಂಡುಗಳ ವಂಶಾವಳಿ ನೋಡಿದರೆ ಸೋಜಿಗವಾಗುತ್ತದೆ. ಎಚ್ ತುಂಡು ಮತ್ತು ಇನ್ನೆರಡು, ಮೇಲೆ ಹೇಳಿದ 1918ರ ಹಂದಿ ವಂಶದವು. ಎನ್ ತುಂಡು ಮತ್ತು ಇನ್ನೊಂದು, ಯುರೋಪಿನ ಹಂದಿಗಳಿಗೆ ಎಪ್ಪತ್ತರ ದಶಕದ ಕೊನೆಗೆ ಹಕ್ಕಿಗಳಿಂದ ಬಂದವು. ಇನ್ನೆರಡು ಅಮೆರಿಕದ ಹಕ್ಕಿಗಳವು. ಉಳಿದದ್ದು ಪಿಬಿ1 ಎಂಬ ತುಂಡು. ಅದು 1968ರಲ್ಲಿ ಹಕ್ಕಿಯಿಂದ ಮನುಷ್ಯನಿಗೆ ಬಂತು, ತೊಂಬತ್ತರ ದಶಕದಲ್ಲಿ ಮನುಷ್ಯನಿಂದ ಅಮೆರಿಕದ ಹಂದಿಗೆ ಹೋಯಿತು, 2009ರಲ್ಲಿ ಹಂದಿಯಿಂದ ಮತ್ತೆ ಮನುಷ್ಯನಿಗೆ ಬಂತು. ಅಂದರೆ ಹಂದಿಗಳಿಗೆ ಫ್ಲೂ ಹತ್ತಿಸಿದವರಲ್ಲಿ ನಾವೂ ಇದ್ದೇವೆ.

ಹಿರಿಯೂರಿನ ಅಮ್ಮ

ದೊಡ್ಡವರ ಮಾತಿನ ನಡುವೆ ನನ್ನದೊಂದು. ಹೋದ ವರ್ಷ ಮಗಳು ಒತ್ತಾಯ ಮಾಡಿ ಫ್ಲೂ ಲಸಿಕೆ ಹಾಕಿಸಿದಳು, ನನಗೆ ಸಕ್ಕರೆ ಕಾಯಿಲೆ ಇದೆ ಎಂದು. ಮೂರೇ ತಿಂಗಳಲ್ಲಿ ಜ್ವರ, ನೆಗಡಿ, ಮೈಕೈ ನೋವು. ಹಾಗಾದರೆ ಆ ಲಸಿಕೆಯೂ ಶಿಫ್ಟ್ ಆಗಿ ಹೋಗಿತ್ತೇ? ದುಡ್ಡು ವಾಪಸ್ಸು ಕೊಡುವವರು ಯಾರು?

ಚಳ್ಳಕೆರೆ ಪಶುವೈದ್ಯ

ಅಮ್ಮಾ, ಶಿಫ್ಟ್ ಅಷ್ಟು ಅಗ್ಗವಲ್ಲ. ನೂರು ವರ್ಷದಲ್ಲಿ ಅಂಥ ಸಂದರ್ಭಗಳು ಒಂದು ಕೈಬೆರಳಲ್ಲಿ ಎಣಿಸುವಷ್ಟು. ನಿಮಗೆ ಬಂದದ್ದು ಫ್ಲೂ ಹೌದೋ ಅಲ್ಲವೋ ಪರೀಕ್ಷೆಯಿಲ್ಲದೆ ಗೊತ್ತಾಗದು. ನೆಗಡಿ ಜ್ವರ ತರುವ ವೈರಸ್‌ಗಳು ಬೇರೆ ಎಷ್ಟೋ ಇವೆ.

ಸೀರಂ ಮೇಜು, ದಾವಣಗೆರೆ

ಡಾಕ್ಟರ್ ಹೇಳಿದ್ದು ಸರಿ, ಆದರೆ ಅಮ್ಮನ ಪ್ರಶ್ನೆಯಲ್ಲಿ ನಿಜವಾದ ತೊಡಕೊಂದಿದೆ. ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ತಯಾರಿಗೆ ಆರು ತಿಂಗಳು ಬೇಕು. ಅಷ್ಟರಲ್ಲಿ ವೈರಸ್ ಮುಂದೆ ಹೋಗಿಬಿಟ್ಟಿದ್ದರೆ ಲಸಿಕೆ ಹಿಂದೆ ಬೀಳುತ್ತದೆ. 2014-15ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಎಚ್3ಎನ್2 ಹಾಗೆ ಜಾರಿಕೊಂಡು, ಲಸಿಕೆಯ ರಕ್ಷಣೆ ನೂರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. ಇದು ಶುದ್ಧ ಡ್ರಿಫ್ಟ್.

ನಮ್ಮ ಕಡೆ ಇನ್ನೊಂದು ಗೋಜಲು. ನಾವಿರುವುದು ಉತ್ತರ ಗೋಳಾರ್ಧದಲ್ಲಿ, ಆದರೆ ಇಲ್ಲಿ ಫ್ಲೂ ಮುಖ್ಯವಾಗಿ ಏರುವುದು ಮಳೆಗಾಲದಲ್ಲಿ. ಆದ್ದರಿಂದ ಮುಂಗಾರಿಗೆ ಮುಂಚೆ ಬರುವ ಹೊಸ ದಾಸ್ತಾನನ್ನು ಏಪ್ರಿಲ್–ಮೇ ಹೊತ್ತಿಗೆ ಹಾಕಿಸಿಕೊಳ್ಳುವುದು ಲಾಭ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ವರ್ಷ ನೋಡಿ. ಹಿಂದಿನ ಋತುವಿನ ಉಳಿಕೆಯನ್ನು ಮಾರ್ಚ್‌ನಲ್ಲಿ ಚುಚ್ಚಿಸಿಕೊಂಡವರನ್ನು ನಾನು ಕಂಡಿದ್ದೇನೆ. ನಿಮ್ಮ ಮಗಳು ಮಾಡಿದ್ದು ಸರಿಯೇ. ಸಕ್ಕರೆ ಕಾಯಿಲೆಯವರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು, ಅರ್ಧ ರಕ್ಷಣೆಯೂ ಅಲ್ಲಿ ಕೆಲಸಕ್ಕೆ ಬರುತ್ತದೆ.

ಹಿರಿಯೂರಿನ ಅಮ್ಮ

ಪೆಟ್ಟಿಗೆ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ಈ ಸಲ ಮಗಳಿಗೇ ಹೇಳುತ್ತೇನೆ.

ಹರಿಹರ ರಸ್ತೆ ಕೋಳಿ ಫಾರಂ

ಮೇಡಂ, ಒಂದು ವಿಷಯ ಕೇಳಬೇಕಿತ್ತು. ರಕ್ತಸಾರವನ್ನು ವೈರಸ್ ಎದುರು ನಿಲ್ಲಿಸಿ ನೋಡುವುದು ಎಂದಿರಲ್ಲ, ಅದು ನಮ್ಮ ಫಾರಂನಲ್ಲಿ ರಾಣಿಖೇತ್ ಎನ್ನುವ ಕೊಕ್ಕರೆ ರೋಗಕ್ಕೆ ಮಾಡಿಸುವ ಎಚ್‌ಐ ಟೈಟರ್ ಪರೀಕ್ಷೆಯೇ? ಲಸಿಕೆ ಕೊಟ್ಟು ಮೂರು ವಾರದ ಮೇಲೆ ರಕ್ತ ತೆಗೆದು ಕಳಿಸುತ್ತೇವೆ, ಅವರು ಟೈಟರ್ ಇಷ್ಟು ಎಂದು ಚೀಟಿ ಕೊಡುತ್ತಾರೆ. ಆ ಅಂಕೆ ಏನೆಂದು ಇವತ್ತಿಗೂ ಯಾರೂ ಬಿಡಿಸಿ ಹೇಳಿಲ್ಲ.

ಸೀರಂ ಮೇಜು, ದಾವಣಗೆರೆ

ಹೌದು, ಅದರದೇ ಜಾತಿ. ಸಿಡಿಸಿಯವರು ಆಗ ಅದರ ಜತೆಗೆ ಜೀವಕೋಶಗಳಲ್ಲಿ ವೈರಸ್ಸನ್ನು ತಡೆಯುವ ಪರೀಕ್ಷೆಯನ್ನೂ ಬಳಸಿದ್ದರು, ಆದರೆ ಡ್ರಿಫ್ಟನ್ನು ಹಿಡಿಯುವ ಹಳೆಯ ಕೈಸಾಧನ ಎಚ್‌ಐ ಪರೀಕ್ಷೆಯೇ. ಕೈಯಲ್ಲಿ ಮಾಡಿದವಳು, ಹಾಗಾಗಿ ಹೇಳಲು ಖುಷಿ.

ತೊಂಬತ್ತಾರು ಗುಳಿಗಳ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಳ್ಳುತ್ತೇವೆ. ಮೊದಲ ಗುಳಿಯಲ್ಲಿ ರಕ್ತಸಾರ ಹತ್ತರಲ್ಲಿ ಒಂದು ಪಾಲು, ಮುಂದಿನದರಲ್ಲಿ ಇಪ್ಪತ್ತರಲ್ಲಿ ಒಂದು, ಆಮೇಲೆ ನಲವತ್ತು, ಎಂಬತ್ತು, ನೂರ ಅರವತ್ತು, ಹೀಗೆ ಪ್ರತಿ ಹೆಜ್ಜೆಗೂ ಅರ್ಧರ್ಧ ತೆಳುವಾಗುತ್ತ ಹೋಗುತ್ತದೆ. ಪ್ರತಿ ಗುಳಿಗೂ ಅಳತೆ ಮಾಡಿದ ವೈರಸ್. ಸ್ವಲ್ಪ ಹೊತ್ತು ಬಿಟ್ಟು ಟರ್ಕಿ ಕೋಳಿಯ ಕೆಂಪು ರಕ್ತಕಣ ಹಾಕುತ್ತೇವೆ. ವೈರಸ್ಸಿನ ಎಚ್ ಪ್ರೋಟೀನ್ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಬಲೆ ಕಟ್ಟುತ್ತದೆ, ಗುಳಿಯೆಲ್ಲ ತೆಳು ಗುಲಾಬಿ ಬಣ್ಣ. ರಕ್ತಸಾರದಲ್ಲಿರುವ ಪ್ರತಿಕಾಯ ಆ ಪ್ರೋಟೀನನ್ನು ಮುಚ್ಚಿಬಿಟ್ಟಿದ್ದರೆ ಅಂಟು ಹಿಡಿಯುವುದಿಲ್ಲ, ಕಣಗಳು ಜಾರಿ ತಳದಲ್ಲಿ ಒಂದು ಗಟ್ಟಿ ಕೆಂಪು ಚುಕ್ಕೆಯಾಗಿ ಕೂರುತ್ತವೆ. ಅರ್ಧ ಗಂಟೆ ಕಳೆದು ತಟ್ಟೆಯನ್ನು ಓರೆ ಮಾಡಿ ಹಿಡಿಯಬೇಕು. ನಿಜವಾದ ಚುಕ್ಕೆಯಾದರೆ ಕೆಳಗೆ ಹರಿದು ಉದ್ದ ಗೆರೆ ಎಳೆಯುತ್ತದೆ. ಹಾಗೆ ಹರಿಯುವ ಕೊನೆಯ ಗುಳಿಯಲ್ಲಿ ರಕ್ತಸಾರ ಎಷ್ಟು ಪಟ್ಟು ತೆಳುವೋ ಆ ಸಂಖ್ಯೆಯೇ ಟೈಟರ್. ನಿಮ್ಮ ಚೀಟಿಯಲ್ಲಿ ಅದನ್ನು ಎಷ್ಟನೆಯ ಹೆಜ್ಜೆ ಎಂದು ಬರೆದಿರುತ್ತಾರೆ, ಅಷ್ಟೇ ವ್ಯತ್ಯಾಸ.

ಡ್ರಿಫ್ಟ್ ತಿಳಿಯುವುದು ಹೀಗೆ. ಹೋದ ವರ್ಷದ ವೈರಸ್ಸಿನಿಂದ ರಕ್ತಸಾರ ತಯಾರಿಸಿಕೊಳ್ಳುತ್ತಾರೆ. ಮನುಷ್ಯರ ರಕ್ತಸಾರ ಅಲ್ಲ, ಅದರಲ್ಲಿ ಹತ್ತಾರು ಹಳೆಯ ಫ್ಲೂಗಳ ನೆನಪು ಕಲಸಿರುತ್ತದೆ. ಫ್ಲೂ ಕಾಣದ ಫೆರೆಟ್ ಎಂಬ ಪುಟ್ಟ ಪ್ರಾಣಿಗೆ ಒಮ್ಮೆ ಸೋಂಕು ತಗಲಿಸಿ ತೆಗೆದದ್ದು. ಅದು ತನ್ನದೇ ವೈರಸ್ಸನ್ನು 1280ರವರೆಗೆ ತಡೆಯುತ್ತದೆ ಎಂದುಕೊಳ್ಳಿ. ಈ ವರ್ಷ ರೋಗಿಗಳಿಂದ ಬಂದ ವೈರಸ್ಸನ್ನು 640ರವರೆಗೆ ತಡೆದರೆ ತಲೆಕೆಡಿಸಿಕೊಳ್ಳಬೇಕಿಲ್ಲ, ಒಂದು ಗುಳಿಯ ಹೆಚ್ಚುಕಡಿಮೆ ಪರೀಕ್ಷೆಯದೇ ಸ್ವಭಾವ. 160ಕ್ಕೇ ನಿಂತರೆ ಎಂಟು ಪಟ್ಟು ಕುಸಿತ, ವೈರಸ್ ಕೈಜಾರಿದೆ. ಅಂಥ ವರದಿಗಳು ಬೇರೆ ಬೇರೆ ಊರುಗಳಿಂದ ಕೂಡಿ ಬಂದರೆ ಲಸಿಕೆಯ ತಳಿ ಬದಲಿಸುವ ಮಾತು ಶುರುವಾಗುತ್ತದೆ.

ಈಚೀಚೆಗೆ ಈ ಪರೀಕ್ಷೆ ಕೈಕೊಡುವುದೂ ಉಂಟು. ಎಚ್3ಎನ್2 ಎಷ್ಟು ಬದಲಾಗಿದೆಯೆಂದರೆ ಅದರ ಕೆಲವು ತಳಿಗಳು ಟರ್ಕಿಯ ರಕ್ತಕಣವನ್ನು ಸರಿಯಾಗಿ ಅಂಟಿಸುವುದೇ ಇಲ್ಲ. ಆಗ ಎಲ್ಲ ಗುಳಿಯಲ್ಲೂ ಚಂದದ ಚುಕ್ಕೆ ಕೂತು, ಪ್ರತಿಕಾಯ ಗೆದ್ದಿತೆಂದು ಭ್ರಮೆಯಾಗುತ್ತದೆ. ವೈರಸ್ ಮಾತ್ರ ಇರುವ, ರಕ್ತಸಾರವೇ ಹಾಕದ ಗುಳಿಯನ್ನು ಮೊದಲು ನೋಡುವ ಅಭ್ಯಾಸ ಅದಕ್ಕೇ.

ಹರಿಹರ ರಸ್ತೆ ಕೋಳಿ ಫಾರಂ

ಇಷ್ಟು ವರ್ಷ ಚೀಟಿಗೆ ದುಡ್ಡು ಕೊಟ್ಟೆ, ಇವತ್ತು ಅರ್ಥವಾಯಿತು.

ಪಿ.ಜೆ. ಬಡಾವಣೆ ಓದುಗ

ಮೇಡಂ, ನನಗೆ ಇನ್ನೊಂದು ಸಿಕ್ಕು. 1977ರ ಎಚ್1ಎನ್1 ಕೂಡ 1918ರ ವಂಶದ್ದೇ ತಾನೇ? ನಾನು ಅದರ ಮಕ್ಕಳನ್ನು ಬಾಲ್ಯದಲ್ಲಿ ಕಂಡಿರಬೇಕು. ನನ್ನ ಅಜ್ಜ ಕಂಡದ್ದೂ ಆ ವಂಶವೇ. ಅವರಿಗೆ ಕೆಲಸಕ್ಕೆ ಬಂದದ್ದು ನನಗೇಕೆ ಬರಲಿಲ್ಲ?

ಸೀರಂ ಮೇಜು, ದಾವಣಗೆರೆ

ನಡುವೆ ಆದ ಬದಲಾವಣೆ ಎಂಥದು ಎಂಬುದರಲ್ಲಿದೆ ಉತ್ತರ. 1918ರ ಎಚ್ ಪ್ರೋಟೀನಿನ ನೆತ್ತಿ ಬೋಳು. ಮನುಷ್ಯರಲ್ಲಿ ಓಡಾಡುತ್ತ ಅದು ನೆತ್ತಿಯ ಮೇಲೆ ಸಕ್ಕರೆಯ ಸರಪಳಿಗಳನ್ನು ಹೊದ್ದುಕೊಂಡಿತು. ಆ ಸಕ್ಕರೆಯನ್ನು ಕೂಡಿಸುವುದು ನಮ್ಮದೇ ಜೀವಕೋಶ, ಆದ್ದರಿಂದ ದೇಹಕ್ಕೆ ಅದು ಪರಕೀಯವಾಗಿ ಕಾಣುವುದಿಲ್ಲ. ಅದರಡಿಯ ಪ್ರೋಟೀನ್ ಪ್ರತಿಕಾಯದ ಕೈಗೆ ಸಿಗುವುದಿಲ್ಲ. 1977ರಲ್ಲಿ ಮರಳಿದ ವೈರಸ್ 1950ರ ಹೊತ್ತಿನದನ್ನೇ ಹೋಲುತ್ತಿತ್ತು, ಅಂದರೆ ಹೊದಿಕೆ ಹೊದ್ದದ್ದು. ಅದನ್ನು ಕಂಡ ನಿಮ್ಮ ದೇಹ ಹೊದಿಕೆಯ ಅಂಚಿನಲ್ಲಿ ಕಂಡಷ್ಟನ್ನೇ ಕಲಿಯಿತು. ಹಂದಿಯಲ್ಲಿದ್ದ ಎಚ್ ಆ ಹೊದಿಕೆಯನ್ನು ಹೊದ್ದಿರಲೇ ಇಲ್ಲ. 2009ರಲ್ಲಿ ಬೋಳು ನೆತ್ತಿ ಬಂದಾಗ ಅದನ್ನು ಮೊದಲು ಕಂಡಿದ್ದವರು ಹಿರಿಯರೇ.

ಇದಕ್ಕೆ ಇತಿಹಾಸ ತಾನಾಗಿ ಮಾಡಿಕೊಟ್ಟ ಒಂದು ಪ್ರಯೋಗವೂ ಇದೆ. 1976ರಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹಂದಿಯ ಎಚ್1ಎನ್1 ಸೈನಿಕರಿಗೆ ಹತ್ತಿ ಒಬ್ಬ ಸತ್ತ. ಮಹಾಮಾರಿ ಬಂತೆಂದು ಸರ್ಕಾರ 4 ಕೋಟಿಗೂ ಹೆಚ್ಚು ಜನರಿಗೆ ಲಸಿಕೆ ಹಾಕಿತು. ಮಹಾಮಾರಿ ಬರಲಿಲ್ಲ. ಲಸಿಕೆ ಪಡೆದ ಕೆಲವರಲ್ಲಿ ಗಿಯಾನ್-ಬಾರೆ ಎಂಬ ನರಗಳ ತೊಂದರೆ ಕಾಣಿಸಿ ಕಾರ್ಯಕ್ರಮವೇ ನಿಂತಿತು, ಎಲ್ಲರೂ ನಕ್ಕರು. ಆ ಲಸಿಕೆ ಪಡೆದವರ ಹಳೆಯ ರಕ್ತಸಾರವನ್ನು 2009ರಲ್ಲಿ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನದರಲ್ಲಿ ಹೊಸ ವೈರಸ್ಸಿಗೆ ಒಳ್ಳೆಯ ಪ್ರತಿಕಾಯ ಇತ್ತು. ವಯಸ್ಸಿನಿಂದಲ್ಲ, ಆ ಮುಖ ಕಂಡಿದ್ದರಿಂದಲೇ ರಕ್ಷಣೆ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೆಸರಿನ ವಿಷಯದಲ್ಲಿ ಹಠ ಬಿಡುವುದಿಲ್ಲ. ಎಚ್ ಸಂಖ್ಯೆ ಬದಲಾಗದೆ ಶಿಫ್ಟ್ ಎನ್ನಬಾರದು ಎಂದೇ ನಮ್ಮ ಕಾಲದ ಪಾಠ. ಹಾಗೆ ನೋಡಿದರೆ ಮೊದಲು ನಾನೇ 2009ರದು ಶಿಫ್ಟ್ ಎಂದದ್ದು ನನ್ನ ಪಾಠಕ್ಕೆ ವಿರುದ್ಧ. ಇನ್ನು 1977ರದು? ಅಲ್ಲಿ ತುಂಡುಗಳ ಅದಲುಬದಲೂ ಇಲ್ಲ, ಹೊಸತೂ ಇಲ್ಲ. ಇಪ್ಪತ್ತೇಳು ವರ್ಷ ಹಿಂದಿನ ವೈರಸ್ ಹೆಚ್ಚೇನೂ ಬದಲಾಗದೆ ಎದ್ದು ಬಂದದ್ದು. ಅದನ್ನು ಯಾವ ಖಾನೆಗೆ ಹಾಕುವುದು?

ಸೀರಂ ಮೇಜು, ದಾವಣಗೆರೆ

1977ರದು ಯಾವ ಖಾನೆಗೂ ಹೊಂದುವುದಿಲ್ಲ ಮೇಷ್ಟ್ರೇ. ಪ್ರಕೃತಿಯಲ್ಲಿದ್ದ ಫ್ಲೂ ಅಷ್ಟು ವರ್ಷ ಬದಲಾಗದೆ ಇರಲಾರದು, ಫ್ರೀಜರ್‌ನಲ್ಲಿದ್ದದ್ದು ಇರಬಲ್ಲದು. ಲಸಿಕೆ ಪ್ರಯೋಗದಿಂದಲೋ ಪ್ರಯೋಗಾಲಯದಿಂದಲೋ ಹೊರಬಂದಿರಬೇಕೆಂದು ಬಹಳ ಜನ ನಂಬುತ್ತಾರೆ, ಎಲ್ಲಿಂದ ಎಂಬುದು ಸಾಬೀತಾಗಿಲ್ಲ. ಆಗ ಮಲಗಿದವರು ಹೆಚ್ಚಾಗಿ ಇಪ್ಪತ್ತೈದರ ಒಳಗಿನವರು ಎಂಬುದನ್ನು ಗಮನಿಸಿ. 1957ಕ್ಕೆ ಮೊದಲು ಎಚ್1 ಕಂಡಿದ್ದವರು ಆಗಲೂ ಪಾರಾದರು.

ಹೆಸರಿನ ಜಗಳದಲ್ಲಿ ನನ್ನ ಪಕ್ಷ ಇದು. ಜನರಲ್ಲಿ ಹೆಚ್ಚಿನವರಿಗೆ ಪ್ರತಿಕಾಯವಿಲ್ಲದ ಎಚ್ ಅದಲುಬದಲಿನಿಂದ ಬಂದು, ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡಿದರೆ ಅದು ಶಿಫ್ಟ್, ಸಂಖ್ಯೆ ಏನೇ ಇರಲಿ. ಎಚ್ ಸಂಖ್ಯೆಗಳು ಒರಟು ಜರಡಿ. ನಿಮ್ಮ ಪಾಠದ ಪ್ರಕಾರ ಹೇಳುವವರೂ ಇದ್ದಾರೆ, 2009ರಲ್ಲಿ ಈ ಚರ್ಚೆ ಪತ್ರಿಕೆಗಳಲ್ಲೇ ನಡೆದಿತ್ತು.

ಚಳ್ಳಕೆರೆ ಪಶುವೈದ್ಯ

ಮೇಡಂ, 2015ರದು ಏನು? ಆ ವರ್ಷ ದೇಶದಲ್ಲಿ ಎಚ್1ಎನ್1ನಿಂದ 2,000ಕ್ಕೂ ಹೆಚ್ಚು ಜನ ಸತ್ತರು. ವೈರಸ್ ಬದಲಾಗಿದೆ ಎಂದು ಅಮೆರಿಕದ ಎಂಐಟಿಯವರು, ಇಲ್ಲ ಎಂದು ನಮ್ಮ ಸರ್ಕಾರ. ನನಗೆ ಇವತ್ತಿಗೂ ತೀರ್ಮಾನ ಗೊತ್ತಿಲ್ಲ.

ಸೀರಂ ಮೇಜು, ದಾವಣಗೆರೆ

ತೀರ್ಮಾನ ಆಗಿದೆ ಎಂದು ನಾನೂ ಹೇಳಲಾರೆ. ಎಂಐಟಿಯವರು ಆಧಾರವಾಗಿ ಇಟ್ಟುಕೊಂಡದ್ದು ಸಾರ್ವಜನಿಕ ಸಂಗ್ರಹದಲ್ಲಿದ್ದ ಬೆರಳೆಣಿಕೆಯ ಭಾರತೀಯ ಜೀನ್ ದಾಖಲೆಗಳನ್ನು. ಅಷ್ಟರಿಂದ ಇಡೀ ದೇಶದ ವೈರಸ್ಸಿನ ಬಗ್ಗೆ ಹೇಳುವುದು ಕಷ್ಟ. ಹೆಚ್ಚು ದಾಖಲೆ ಹೊರಗೆ ಇಲ್ಲದಿದ್ದುದು ನಮ್ಮವರ ತಪ್ಪು ಎಂಬುದು ನನ್ನ ಅಭಿಪ್ರಾಯ. ಖಚಿತವಾಗಿ ತಿಳಿದದ್ದು ಇಷ್ಟು: 2009ರ ವೈರಸ್ ಆರೇಳು ವರ್ಷ ಹೆಚ್ಚು ಕಡಿಮೆ ಹಾಗೆಯೇ ಇತ್ತು, ಲಸಿಕೆಯಲ್ಲೂ ಎ/ಕ್ಯಾಲಿಫೋರ್ನಿಯಾ/7/2009 ತಳಿಯೇ ಮುಂದುವರಿದಿತ್ತು. 2015ರ ಹೊತ್ತಿಗೆ ಅದರ ನೆತ್ತಿಯ ಮೇಲೆ ಹೊಸ ಸಕ್ಕರೆಯ ಸರಪಳಿ ಕಾಣಿಸಿಕೊಂಡು, 2017ರಿಂದ ಲಸಿಕೆಯಲ್ಲಿ ಎ/ಮಿಷಿಗನ್/45/2015 ಬಂತು. ಬೋಳು ನೆತ್ತಿಯದು ಮನುಷ್ಯರ ನಡುವೆ ಬಂದ ಮೇಲೆ ಮತ್ತೆ ಹೊದಿಕೆ ಹುಡುಕಲು ಶುರುಮಾಡಿತು.

ಹರಿಹರ ರಸ್ತೆ ಕೋಳಿ ಫಾರಂ

ಇಷ್ಟೆಲ್ಲ ಓದಿ ನನ್ನ ಹೊಟ್ಟೆಯಲ್ಲಿ ಕಸಿವಿಸಿ. 2025ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಕ್ಕಿ ಜ್ವರ ಬಂದಾಗ ಒಂದು ತಿಂಗಳು ಮೊಟ್ಟೆ ಕೇಳುವವರಿರಲಿಲ್ಲ. ನನ್ನ ಶೆಡ್‌ಗಳಲ್ಲಿ ಕೆಲಸ ಮಾಡುವವರು ಮಳೆಗಾಲದಲ್ಲಿ ನೆಗಡಿ ಕೆಮ್ಮು ಇಟ್ಟುಕೊಂಡೇ ಕೋಳಿ ನೋಡುತ್ತಾರೆ. ಅವರ ಎದೆಯಲ್ಲಿ ಕೋಳಿಯ ಎಚ್5ಎನ್1, ಮನುಷ್ಯರ ಫ್ಲೂ ಎರಡೂ ಸೇರಿದರೆ? ಮುಂದಿನ ಮಹಾಮಾರಿ ಹರಿಹರ ರಸ್ತೆಯಿಂದಲೇ ಹೊರಡುತ್ತದೆಯೇ?

ಚಳ್ಳಕೆರೆ ಪಶುವೈದ್ಯ

ಗಾಬರಿ ಬೇಡ, ಆದರೆ ಉದಾಸೀನವೂ ಬೇಡ. 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಎಚ್5ಎನ್1 ಬಂದಿತ್ತು. ಎರಡೂ ಕಡೆ ಸುತ್ತಲಿನ ಕೋಳಿಗಳನ್ನು ಕೊಂದು ಹೂಳಿ ನಿಲ್ಲಿಸಿದರು. ನೀವು ಗಮನಿಸಬೇಕಾದದ್ದು ಇದು: ಒಂದೇ ಶೆಡ್‌ನಲ್ಲಿ ಒಂದೆರಡು ದಿನದಲ್ಲಿ ಸಾವು ಏಕಾಏಕಿ ಏರುವುದು, ಜುಟ್ಟು ನೀಲಿಗಟ್ಟುವುದು, ಕಾಲಿನ ಚರ್ಮದಡಿ ರಕ್ತದ ಕಲೆ, ಶೆಡ್ ಸದ್ದಿಲ್ಲದೆ ಮಂಕಾಗುವುದು. ಕೊಕ್ಕರೆ ರೋಗವೂ ಹೀಗೇ ಕಾಣಬಹುದು, ಕಣ್ಣಂದಾಜಿನಲ್ಲಿ ಬೇರ್ಪಡಿಸಲಾಗದು. ನೀವೇ ಕತ್ತರಿಸಿ ನೋಡಲು ಹೋಗಬೇಡಿ. ತಾಲ್ಲೂಕು ಪಶು ಆಸ್ಪತ್ರೆಗೆ ತಿಳಿಸಿ, ಮಾದರಿ ಭೋಪಾಲಿನ ಪ್ರಯೋಗಾಲಯಕ್ಕೆ ಹೋಗುತ್ತದೆ.

ಸೀರಂ ಮೇಜು, ದಾವಣಗೆರೆ

ನಿಮ್ಮ ಪ್ರಶ್ನೆ ಕೇಳಲು ಅತಿಯೆನಿಸಿದರೂ ತಪ್ಪು ಪ್ರಶ್ನೆಯಲ್ಲ. ಎಚ್5ಎನ್1 ಮನುಷ್ಯರಿಗೆ ಹತ್ತಿದ್ದು ಮೊದಲು ಕಂಡದ್ದು 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ, 18 ಜನರಿಗೆ, ಅವರಲ್ಲಿ 6 ಮಂದಿ ಸತ್ತರು. ನಮ್ಮ ದೇಶದಲ್ಲಿ 2021ರಲ್ಲಿ ಒಬ್ಬ ಹುಡುಗ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡ. ಇಷ್ಟು ವರ್ಷವಾದರೂ ಅದು ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡಲು ಕಲಿತಿಲ್ಲ, ಏಕೆಂದರೆ ಅದರ ಎಚ್ ಹಿಡಿಯುವ ಸಕ್ಕರೆಯ ತುದಿ ನಮ್ಮ ಮೂಗು ಗಂಟಲಲ್ಲಿ ವಿರಳ. ಆಳಕ್ಕೆ ಇಳಿದವನಿಗೆ ತೀವ್ರ ರೋಗ, ಆದರೆ ಕೆಮ್ಮಿನಲ್ಲಿ ಹೊರಬರುವುದು ಕಡಿಮೆ. ಮನುಷ್ಯರ ಫ್ಲೂ ಜತೆ ತುಂಡು ಬದಲಾದರೂ ಎಚ್ ತುಂಡು ಕೋಳಿಯದೇ ಉಳಿದರೆ ಈ ಅಡ್ಡಿ ಹಾಗೆಯೇ ಇರುತ್ತದೆ. ಅದರ ಮೇಲೆ ಇನ್ನೂ ಕೆಲವು ಬದಲಾವಣೆ ಬೇಕು. ಎಷ್ಟು, ಯಾವಾಗ ಎಂದು ಹೇಳುವ ಧೈರ್ಯ ನನಗಿಲ್ಲ.

ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಇದೆ. ಶೆಡ್‌ನಲ್ಲಿ ಕೆಲಸ ಮಾಡುವವರಿಗೆ ಪ್ರತಿವರ್ಷ ಮಾಮೂಲಿ ಫ್ಲೂ ಲಸಿಕೆ ಹಾಕಿಸಿ. ಅದು ಎಚ್5ಎನ್1 ತಡೆಯಲೆಂದಲ್ಲ, ಮನುಷ್ಯರ ಫ್ಲೂ ಅವರ ಎದೆಯಲ್ಲಿ ಆ ಹೊತ್ತಿಗೆ ಇರದಂತೆ ಮಾಡಲು. ಎರಡು ವೈರಸ್ ಸಂಧಿಸಬೇಕಾದರೆ ಎರಡೂ ಇರಬೇಕಲ್ಲ. ಜ್ವರ ಇರುವವರನ್ನು ಅಷ್ಟು ದಿನ ಶೆಡ್‌ನಿಂದ ಹೊರಗಿಡಿ, ಕೂಲಿ ಕಡಿಯಬೇಡಿ. ಕಡಿದರೆ ಜ್ವರ ಮುಚ್ಚಿಟ್ಟು ಬರುತ್ತಾರೆ.

ಜಗಳೂರು ಮೆಕ್ಕೆಜೋಳ

ಕೂಲಿ ಕಡಿಯದೆ ರಜೆ ಕೊಡುವ ಕೋಳಿ ಫಾರಂ ಇದ್ದರೆ ನಾನೇ ಕೆಲಸಕ್ಕೆ ಸೇರುತ್ತೇನೆ.

ಹರಿಹರ ರಸ್ತೆ ಕೋಳಿ ಫಾರಂ

ನಗಬೇಡಿ ಅಣ್ಣ, ಮೇಡಂ ಹೇಳಿದ್ದರಲ್ಲಿ ಲೆಕ್ಕ ಇದೆ. ಒಂದು ಶೆಡ್ ಹೋದರೆ ಆಗುವ ನಷ್ಟದ ಮುಂದೆ ನಾಲ್ಕು ದಿನದ ಕೂಲಿ ಏನೂ ಅಲ್ಲ. ಲಸಿಕೆಯ ಬೆಲೆಯೇ ಭಾರ, ಫಾರಂನವರೆಲ್ಲ ಸೇರಿ ಒಟ್ಟಿಗೆ ತರಿಸಿದರೆ ಕಡಿಮೆಯಾಗಬಹುದೇನೋ. ಮೇಡಂ, ಏಪ್ರಿಲ್‌ಗೆ ಹೊಸ ದಾಸ್ತಾನು ಬಂತೋ ಇಲ್ಲವೋ ಎಂದು ಇಲ್ಲೇ ಒಂದು ಮಾತು ಹಾಕುತ್ತೀರಾ? ಪೆಟ್ಟಿಗೆಯ ಮೇಲೆ ಯಾವ ತಳಿಯ ಹೆಸರು ಇರಬೇಕೆಂಬುದನ್ನೂ ಬರೆಯಿರಿ, ಮೆಡಿಕಲ್ ಅಂಗಡಿಯವನು ಹಳೆಯದನ್ನು ದಾಟಿಸಿಬಿಡುತ್ತಾನೆ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ನನಗೂ ಒಂದು ತೆಗೆದಿಡಿ. ಮತ್ತೆ ಮೇಡಂ, 1918ರ ಒಂದು ಪ್ರಶ್ನೆ ಉಳಿಯಿತು. ಆಗ ಇಪ್ಪತ್ತೈದು ಮೂವತ್ತರ ಗಟ್ಟಿಮುಟ್ಟಾದವರೇ ಹೆಚ್ಚು ಸತ್ತರಲ್ಲ, ಅವರಿಗಿಂತ ಹಿರಿಯರು ಅದಕ್ಕೂ ಮೊದಲಿನ ಯಾವುದೋ ಎಚ್1 ಕಂಡಿದ್ದರೇ?

ಸೀರಂ ಮೇಜು, ದಾವಣಗೆರೆ

ಹಾಗೆ ವಾದಿಸುವವರಿದ್ದಾರೆ ಮೇಷ್ಟ್ರೇ. 1889ರ ಫ್ಲೂ ಎಚ್3ರ ಬಗೆಯದು, ಅದನ್ನು ಎಳವೆಯಲ್ಲಿ ಕಂಡವರ ದೇಹ ತಪ್ಪು ಪಾಠ ಕಲಿತಿತ್ತು ಎಂಬುದು ಒಂದು ವಾದ. ಆದರೆ 1889ರ ವೈರಸ್ ಯಾರ ಕೈಯಲ್ಲೂ ಇಲ್ಲ, ಎಲ್ಲವೂ ಮುದುಕರ ರಕ್ತಸಾರದಿಂದ ಹಿಂದಕ್ಕೆ ಊಹಿಸಿದ್ದು. ಅದಕ್ಕೆ ಬೇರೆ ಎಳೆ ತೆರೆಯಿರಿ, ಇದು ಆಗಲೇ ಉದ್ದವಾಗಿದೆ.